ಡೆಮೊದಲ್ಲಿ ಗೆದ್ದ ಶಿಕ್ಷಕರು ದಸರೆಗೆ ಮುಂಚೆಯೇ ಏಕೆ ಬಿಟ್ಟುಹೋದರು?

ಪ್ರಶ್ನೆ: ಸೇಡಂ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಆಂಗ್ಲ ಮಾಧ್ಯಮ ಶಾಲೆ ಇದೆ. ಹತ್ತನೆಯ ತರಗತಿಯವರೆಗೆ, ತರಗತಿಗೆ ಒಂದೇ ವಿಭಾಗ. ಕಳೆದ ಮೇ ತಿಂಗಳಲ್ಲಿ “ಗಣಿತ–ವಿಜ್ಞಾನ ಶಿಕ್ಷಕರು ಬೇಕಾಗಿದ್ದಾರೆ. ಬಿ.ಎಸ್ಸಿ., ಬಿ.ಎಡ್. ಇಂಗ್ಲಿಷ್ ನಿರರ್ಗಳವಾಗಿರಬೇಕು. ಅನುಭವಿಗಳಿಗೆ ಆದ್ಯತೆ. ಆಕರ್ಷಕ ವೇತನ. ಡೆಮೊ ಕ್ಲಾಸ್ ಇರುತ್ತದೆ, ಮೂಲ ದಾಖಲೆಗಳೊಂದಿಗೆ ಬನ್ನಿ” ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಿದೆವು. ಮೂವತ್ತಕ್ಕೂ ಹೆಚ್ಚು ಅರ್ಜಿ ಬಂದವು, ಹನ್ನೊಂದು ಜನರ ಡೆಮೊ ನೋಡಿದೆವು. ಎಲ್ಲರಿಗಿಂತ ಚೆನ್ನಾಗಿ ಮಾತನಾಡಿದವರನ್ನು ತೆಗೆದುಕೊಂಡೆವು. ಮಕ್ಕಳಿಗೆ ಅರ್ಥವಾಗುತ್ತಿಲ್ಲ ಎಂಬ ದೂರು ಜುಲೈನಲ್ಲೇ ಬಂತು, ದಸರೆಗೆ ಮುಂಚೆ ಅವರೇ ಬಿಟ್ಟುಹೋದರು. ಈ ಸಲ ಪ್ರಕಟಣೆಯನ್ನು ಹೇಗೆ ಬರೆಯಬೇಕು? ಡೆಮೊದಲ್ಲಿ ಏನು ನೋಡಬೇಕು?
— ಶಾಲೆಯೊಂದರ ಕಾರ್ಯದರ್ಶಿ, ಕಲಬುರಗಿ ಜಿಲ್ಲೆ

ಉತ್ತರ:

ಕಾರ್ಯದರ್ಶಿಯವರೇ, ಆ ಶಿಕ್ಷಕರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಅವರ ವೇಳಾಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ನಿಮ್ಮ ಪ್ರಕಟಣೆಯಲ್ಲಿ “ಗಣಿತ–ವಿಜ್ಞಾನ” ಎಂಬ ಎರಡು ಪದಗಳ ನಡುವೆ ಒಂದು ಸಣ್ಣ ಗೆರೆ ಇದೆ. ಕತೆಯ ಅರ್ಧ ಆ ಗೆರೆಯಲ್ಲೇ ಇದೆ.

ನಿಮ್ಮಂತಹ ಶಾಲೆಯಲ್ಲಿ ವಾರಕ್ಕೆ ಸುಮಾರು 45 ಅವಧಿಗಳಿರುತ್ತವೆ. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಗಣಿತ ಆರು ಅವಧಿ, ವಿಜ್ಞಾನ ಆರು ಅವಧಿ ಎಂದಿಟ್ಟುಕೊಳ್ಳೋಣ. ಮೂರು ತರಗತಿಗೆ ಎರಡೂ ವಿಷಯ ಒಬ್ಬರೇ ತೆಗೆದುಕೊಂಡರೆ 36 ಅವಧಿ. ಯಾರಾದರೂ ರಜೆ ಹಾಕಿದ ದಿನ ಅವರ ತರಗತಿಗೂ ಇವರನ್ನೇ ಕಳುಹಿಸಿದರೆ 39, 40 ಆಗುತ್ತದೆ. ಎರಡು ವಿಷಯಗಳ ನೋಟ್‌ಬುಕ್ ತಿದ್ದುವುದು, ಕಿರುಪರೀಕ್ಷೆಗಳು, ಹತ್ತನೆಯವರಿಗೆ ಬೆಳಗಿನ ವಿಶೇಷ ತರಗತಿ ಎಲ್ಲ ಬೇರೆ. ಇಷ್ಟು ಹೊರೆ ಹೊತ್ತವರು ಮರುದಿನದ ಪಾಠಕ್ಕೆ ತಯಾರಾಗುವುದು ಯಾವಾಗ? ಜುಲೈನಲ್ಲಿ ಬಂದ ದೂರಿಗೆ ಮೊದಲ ಕಾರಣ ಇದೇ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಡೆಮೊ ದಿನ ಇಪ್ಪತ್ತು ನಿಮಿಷದ ಒಂದು ಪಾಠಕ್ಕೆ ಅವರು ಎರಡು ದಿನ ತಯಾರಿ ಮಾಡಿಕೊಂಡು ಬಂದಿದ್ದರು. ಶಾಲೆಯಲ್ಲಿ ದಿನಕ್ಕೆ ಏಳು ಪಾಠಗಳಿಗೆ ಒಂದು ರಾತ್ರಿ ಮಾತ್ರ ಸಿಕ್ಕಿತು.

ಆದ್ದರಿಂದ ಪ್ರಕಟಣೆ ಬರೆಯುವ ಮೊದಲು ವೇಳಾಪಟ್ಟಿ ಬರೆಯಿರಿ. ನಾನು ಹೇಳುವ ಹಂಚಿಕೆ ಹೀಗಿದೆ. ಗಣಿತ ಮತ್ತು ಭೌತಶಾಸ್ತ್ರ ಓದಿದವರೊಬ್ಬರು ಮೂರೂ ತರಗತಿಗಳ ಗಣಿತವನ್ನೂ ವಿಜ್ಞಾನದಲ್ಲಿ ಭೌತಶಾಸ್ತ್ರದ ಭಾಗವನ್ನೂ ತೆಗೆದುಕೊಳ್ಳಲಿ. ಗಣಿತ 18, ಭೌತಶಾಸ್ತ್ರ ತರಗತಿಗೆ ವಾರಕ್ಕೆ ಎರಡರಂತೆ 6, ಒಟ್ಟು 24. ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿದ ಇನ್ನೊಬ್ಬರು ವಿಜ್ಞಾನದ ಉಳಿದ 12 ಅವಧಿಗಳ ಜೊತೆಗೆ ಆರು ಮತ್ತು ಏಳನೆಯ ತರಗತಿಯ ವಿಜ್ಞಾನದ 12 ಅವಧಿ ತೆಗೆದುಕೊಳ್ಳಲಿ. ಅವರಿಗೂ 24. ಆರು, ಏಳನೆಯ ತರಗತಿಗಳ ವಿಜ್ಞಾನವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೋ ಅವರು ಕೆಳಗಿನ ತರಗತಿಗಳಿಗೆ ಬಿಡುವಾಗುತ್ತಾರೆ. ಎರಡನೆಯ ಸಂಬಳದ ಭಾರ ನಿಮ್ಮ ಆಡಳಿತ ಮಂಡಳಿಗೆ ದೊಡ್ಡದೆಂದು ಗೊತ್ತು. ಆದರೆ ವರ್ಷದ ನಡುವೆ ಶಿಕ್ಷಕರಿಲ್ಲದೆ ಹತ್ತನೆಯ ತರಗತಿ ಎರಡು ತಿಂಗಳು ಕುಳಿತರೆ ಬರುವ ವರ್ಷದ ಪ್ರವೇಶಗಳ ಮೇಲೆ ಅದರ ಪೆಟ್ಟು ಬೀಳುತ್ತದೆ. ಲೆಕ್ಕ ಹಾಕಿಯೇ ಈ ಮಾತು ಹೇಳುತ್ತಿದ್ದೇನೆ.

ಈಗ ಅರ್ಹತೆಯ ಸಾಲಿಗೆ ಬರೋಣ. “ಬಿ.ಎಸ್ಸಿ., ಬಿ.ಎಡ್.” ಎಂದರೆ ಸಾಲದು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರೂ ಬಿ.ಎಸ್ಸಿ. ಪದವೀಧರರೇ, ಅವರು ದ್ವಿತೀಯ ಪಿಯುಸಿಯ ನಂತರ ಗಣಿತದ ಪುಸ್ತಕ ತೆರೆದಿರಲಿಕ್ಕಿಲ್ಲ. ಹಿಂದೆ ಭೌತ–ರಸಾಯನ–ಗಣಿತಕ್ಕೆ “ಪಿಸಿಎಂ”, ರಸಾಯನ–ಸಸ್ಯ–ಪ್ರಾಣಿಶಾಸ್ತ್ರಕ್ಕೆ “ಸಿಬಿಜೆಡ್” ಎಂದು ಬರೆದರೆ ಕೆಲಸ ಮುಗಿಯುತ್ತಿತ್ತು. ಆದರೆ 2021–22ರಿಂದ ಮೂರು ವರ್ಷ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಗೆ ಸೇರಿದವರು ಮೂರರ ಬದಲು ಎರಡು ಮುಖ್ಯ ವಿಷಯ ಓದಿದ್ದಾರೆ. ಈಗ ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿರುವ ತರುಣರಲ್ಲಿ ಅವರೂ ಇದ್ದಾರೆ. ಒಬ್ಬರು ಗಣಿತ–ಭೌತಶಾಸ್ತ್ರ, ಇನ್ನೊಬ್ಬರು ಗಣಿತ–ಗಣಕ ವಿಜ್ಞಾನ, ಮತ್ತೊಬ್ಬರು ರಸಾಯನ–ಪ್ರಾಣಿಶಾಸ್ತ್ರ. ಹಾಗಾಗಿ ಹಳೆಯ ಸಂಕ್ಷಿಪ್ತ ಹೆಸರನ್ನು ನಂಬದೆ “ಪದವಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡನ್ನೂ ಓದಿರಬೇಕು” ಎಂದು ಬಿಡಿಸಿ ಬರೆಯಿರಿ. ಅರ್ಜಿ ಬಂದಾಗ ಪದವಿ ಪ್ರಮಾಣಪತ್ರಕ್ಕಿಂತ ಅಂಕಪಟ್ಟಿಗಳನ್ನು ಮೊದಲು ನೋಡಿ. ಬಿ.ಎಡ್. ಅಂಕಪಟ್ಟಿಯಲ್ಲಿ ಯಾವ ವಿಷಯಗಳ ಬೋಧನಾ ವಿಧಾನ ಕಲಿತಿದ್ದಾರೆ ಎಂಬುದನ್ನೂ ನೋಡಿ.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ನಿಮ್ಮ ಪ್ರಕಟಣೆಯಲ್ಲಿ ಎಲ್ಲೂ ಇಲ್ಲ. ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರಿಗೆ ಅದು ಬೇಕು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ಖಾಸಗಿ ಶಾಲೆಗೆ ಇದು ತಾಗುವುದಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ, ಅದನ್ನು ನಂಬಬೇಡಿ. ನಿಮ್ಮ ಇಬ್ಬರಲ್ಲಿ ಒಬ್ಬರು ಆರು, ಏಳು, ಎಂಟನ್ನು ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಎಂಟನ್ನು. ಅವರಿಗೆ ಬೇಕಾದದ್ದು ಎರಡನೆಯ ಪತ್ರಿಕೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಪತ್ರಿಕೆಯ 150 ಅಂಕಗಳಲ್ಲಿ 60 ಅಂಕಗಳ ಭಾಗವನ್ನು ಅಭ್ಯರ್ಥಿಯೇ ಆರಿಸಿಕೊಳ್ಳುತ್ತಾನೆ, ಗಣಿತ–ವಿಜ್ಞಾನ ಅಥವಾ ಸಮಾಜ ವಿಜ್ಞಾನ. “ಟಿಇಟಿ ಪಾಸಾಗಿದೆ” ಎಂದವರು ಯಾವ ಭಾಗ ಬರೆದು ಪಾಸಾದರು ಎಂದು ಕೇಳಿ. ಒಂಬತ್ತು ಮತ್ತು ಹತ್ತನೆಯ ತರಗತಿಗೆ ವಿಷಯದ ಪದವಿ ಮತ್ತು ಬಿ.ಎಡ್. ನೋಡಿಕೊಂಡರೆ ಆಯಿತು.

ಕೆಲವರು ಶಾಲೆಯ ಪ್ರಕಟಣೆಯಲ್ಲೇ “ಸಂಜೆ ನಮ್ಮ ಕೋಚಿಂಗ್ ತರಗತಿಯನ್ನೂ ನಡೆಸಬೇಕು” ಎಂದು ಸೇರಿಸುತ್ತಾರೆ. ನೀವು ಸೇರಿಸಿಲ್ಲ, ಒಳ್ಳೆಯದು, ಮುಂದೆಯೂ ಸೇರಿಸಬೇಡಿ. ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ನಿಷೇಧಿಸುತ್ತದೆ. ಕೋಚಿಂಗ್ ಕೇಂದ್ರದ ನೇಮಕವೇ ಬೇರೆ ಬಗೆಯದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಅಲ್ಲಿ ಕಲಿಸುವವರಿಗೆ ಕನಿಷ್ಠ ಪದವಿ ಇರಬೇಕು, ಬಿ.ಎಡ್. ಕೇಳುವುದಿಲ್ಲ. ಅಲ್ಲಿನ ಡೆಮೊದಲ್ಲಿಯೂ ಲೆಕ್ಕ ಬಿಡಿಸುವ ವೇಗ, ಸಂದೇಹಕ್ಕೆ ಥಟ್ಟನೆ ಕೊಡುವ ಉತ್ತರ ಇವನ್ನು ನೋಡುತ್ತಾರೆ. ಆ ಅಳತೆಗೋಲಿನಿಂದ ಎಂಟನೆಯ ತರಗತಿಯ ಶಿಕ್ಷಕರನ್ನು ಅಳೆದರೆ ತಪ್ಪು ವ್ಯಕ್ತಿ ಸಿಗುತ್ತಾರೆ. ಬೀದರ್, ಕಲಬುರಗಿಯ ಕೋಚಿಂಗ್ ಕೇಂದ್ರಗಳಲ್ಲಿ ಒಂದೆರಡು ವರ್ಷ ಇದ್ದು ಬಂದವರ ಅನುಭವವನ್ನು ಗೌರವಿಸಿ, ಆದರೆ ಅದೇ ಕಾರಣಕ್ಕೆ ಆಯ್ಕೆ ಮಾಡಬೇಡಿ.

“ಇಂಗ್ಲಿಷ್ ನಿರರ್ಗಳವಾಗಿರಬೇಕು” ಎಂಬ ನಿಮ್ಮ ಷರತ್ತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಸೇಡಂ ತಾಲ್ಲೂಕಿನ ಮಕ್ಕಳು ಮನೆಯಲ್ಲಿ ಏನು ಮಾತನಾಡುತ್ತಾರೆ? ಕನ್ನಡ, ತೆಲುಗು, ಉರ್ದು. ತಂದೆತಾಯಿ ಇಂಗ್ಲಿಷ್‌ಗಾಗಿ ಹಣ ಕೊಡುತ್ತಾರೆ ನಿಜ, ಮಗು ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿಯೇ ಬರೆಯಬೇಕು, ಅದೂ ನಿಜ. ಆದರೆ ವಕ್ರೀಭವನ ಏಕೆ ಆಗುತ್ತದೆ ಎಂಬುದು ಅದರ ತಲೆಗೆ ಮೊದಲು ಹೋಗುವುದು ಮನೆಯ ಮಾತಿನಲ್ಲಿ. ನಿರರ್ಗಳತೆಯನ್ನು ಷರತ್ತಾಗಿ ಇಟ್ಟಾಗ ಇಂಗ್ಲಿಷ್‌ನಲ್ಲಿ ಭಾಷಣ ಮಾಡಬಲ್ಲವರು ಬಂದರು, ನೀವು ಅವರಲ್ಲಿ ಅತ್ಯುತ್ತಮ ಭಾಷಣಕಾರರನ್ನು ಆರಿಸಿದಿರಿ. ನಿಮಗೆ ಬೇಕಾದವರು ಬೋರ್ಡಿನ ಮೇಲೆ ತಪ್ಪಿಲ್ಲದ ಇಂಗ್ಲಿಷ್ ಬರೆದು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಮತ್ತೆ ಮಗುವಿನ ಬಾಯಿಂದ ಇಂಗ್ಲಿಷ್‌ನಲ್ಲಿ ಒಂದು ಪೂರ್ತಿ ವಾಕ್ಯ ಹೊರಡಿಸಬಲ್ಲವರು. ಪ್ರಕಟಣೆಯಲ್ಲಿ ಹಾಗೆಯೇ ಬರೆಯಿರಿ. ಉರ್ದು ಅಥವಾ ತೆಲುಗು ತಿಳಿದಿದ್ದರೆ ಅನುಕೂಲ ಎಂದೂ ಸೇರಿಸಿ.

ಇನ್ನು ಡೆಮೊ. ಮೇ ತಿಂಗಳಲ್ಲಿ ನಡೆಸಿದಿರಿ ಎಂದಿದ್ದೀರಿ. ಆಗ ಶಾಲೆಗೆ ಬೇಸಿಗೆ ರಜೆ, ಮಕ್ಕಳಿರುವುದಿಲ್ಲ. ಅಂದರೆ ಹನ್ನೊಂದು ಜನರೂ ಕಾರ್ಯದರ್ಶಿಗಳು, ಮುಖ್ಯ ಶಿಕ್ಷಕರು ಮತ್ತು ಒಂದಿಬ್ಬರು ಆಡಳಿತ ಮಂಡಳಿಯ ಸದಸ್ಯರ ಮುಂದೆ ಪಾಠ ಮಾಡಿರಬೇಕು. ದೊಡ್ಡವರು ತಪ್ಪು ಉತ್ತರ ಕೊಡುವುದಿಲ್ಲ, ಕಿಟಕಿಯ ಹೊರಗೆ ನೋಡುವುದಿಲ್ಲ, ಪಕ್ಕದವನ ಪೆನ್ನು ಎಳೆಯುವುದಿಲ್ಲ. ದೊಡ್ಡವರ ಮುಂದೆ ಮಾಡಿದ ಡೆಮೊದಲ್ಲಿ ಮಾತಿನ ಕಲೆ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಪ್ರಕಟಣೆಯನ್ನು ಮಾರ್ಚ್ ಮೂರನೆಯ ವಾರದಲ್ಲಿ ಹಾಕಿ, ಡೆಮೊವನ್ನು ಏಪ್ರಿಲ್ ಮೊದಲ ವಾರದಲ್ಲಿ, ರಜೆಗೆ ಮುಂಚೆ, ಬೆಳಿಗ್ಗೆ ಎಂಟು ಗಂಟೆಗೆ ಇಡಿ. ನಮ್ಮ ಬಿಸಿಲಿನಲ್ಲಿ ಹನ್ನೆರಡರ ನಂತರ ಮಕ್ಕಳೂ ಅಭ್ಯರ್ಥಿಗಳೂ ಸೋತಿರುತ್ತಾರೆ, ಕೊನೆಯಲ್ಲಿ ಬಂದವರಿಗೆ ಅನ್ಯಾಯವಾಗುತ್ತದೆ. ಒಂದು ದಿನಕ್ಕೆ ನಾಲ್ಕು ಜನರಿಗಿಂತ ಹೆಚ್ಚು ಬೇಡ. ಒಂಬತ್ತನೆಯ ತರಗತಿ ಮುಗಿಸಿದ ಹದಿನೈದು ಮಕ್ಕಳು ಸಾಕು. ಬುದ್ಧಿವಂತರನ್ನು ಆರಿಸಿ ಕೂರಿಸಬೇಡಿ, ಹಾಜರಿ ಪುಸ್ತಕದಲ್ಲಿ ಒಂದು ಬಿಟ್ಟು ಒಂದು ಹೆಸರು ತೆಗೆದುಕೊಳ್ಳಿ.

ಪಾಠದ ವಿಷಯವನ್ನು ಅಭ್ಯರ್ಥಿಗೆ ಬಿಟ್ಟರೆ ಪ್ರತಿಯೊಬ್ಬರೂ ಹತ್ತು ಡೆಮೊಗಳಲ್ಲಿ ಮಾಡಿ ಪಳಗಿದ ಒಂದೇ ಪಾಠವನ್ನು ಹಿಡಿದುಕೊಂಡು ಬರುತ್ತಾರೆ. ನೀವೇ ಕೊಡಿ, ಎಲ್ಲರಿಗೂ ಒಂದೇ ಕೊಡಿ, ಎರಡು ದಿನ ಮುಂಚೆ ತಿಳಿಸಿ. ಕೊಡುವಾಗ ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗವನ್ನು ಆರಿಸಿ. ಹತ್ತನೆಯ ತರಗತಿಯ ಬೆಳಕಿನ ಅಧ್ಯಾಯದಲ್ಲಿ ಮಸೂರದ ಸೂತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಳೆದ ಕೆಲವು ವರ್ಷಗಳಿಂದ ನಾನು ಆಯ್ಕೆ ಸಮಿತಿಯಲ್ಲಿ ಕುಳಿತಾಗಲೆಲ್ಲ ಇದನ್ನೇ ಕೊಡುತ್ತೇನೆ.

ಹತ್ತಿರದ ತಾಲ್ಲೂಕಿನ ಒಂದು ಶಾಲೆಯಲ್ಲಿ ಇದು ನಡೆದ ಬಗೆಯನ್ನು ಹೇಳುತ್ತೇನೆ. ಲೆಕ್ಕ ಸರಳ. ಪೀನ ಮಸೂರದ ಸಂಗಮ ದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ ಮೂಡುತ್ತದೆ? ವಸ್ತುವಿನ ದೂರ u, ಪ್ರತಿಬಿಂಬದ ದೂರ v, ಸಂಗಮ ದೂರ f, ವರ್ಧನೆ m. ವಸ್ತು ಮಸೂರದ ಮುಂದೆ ಇರುವುದರಿಂದ u ಗೆ ಋಣ ಚಿಹ್ನೆ ಸೇರಿಸಿ ಬಿಡಿಸಬೇಕು:

```
1/v − 1/u = 1/f
u = −15,  f = +10
1/v = 1/10 − 1/15 = 1/30
v = +30 cm
m = v/u = 30/(−15) = −2
```

ಪ್ರತಿಬಿಂಬ ಮಸೂರದ ಆಚೆ 30 ಸೆಂ.ಮೀ. ದೂರದಲ್ಲಿ, ತಲೆಕೆಳಗಾಗಿ, ಎರಡು ಪಟ್ಟು ದೊಡ್ಡದಾಗಿ ಮೂಡುತ್ತದೆ.

ಮೊದಲ ಅಭ್ಯರ್ಥಿ ಸೂತ್ರ ಬರೆದು, ಚಿಹ್ನೆಗಳ ನಿಯಮ ಹೇಳಿ, ಒಂದು ಉದಾಹರಣೆ ಬಿಡಿಸಿ, ಈ ಲೆಕ್ಕವನ್ನು ಮಕ್ಕಳಿಗೆ ಕೊಟ್ಟರು. ದನಿ ಗಟ್ಟಿ, ಅಕ್ಷರ ಮುತ್ತಿನಂತೆ. ಎರಡನೆಯ ಸಾಲಿನ ಹುಡುಗ 6 ಸೆಂ.ಮೀ. ಎಂದ. ಅವನು u ಜಾಗದಲ್ಲಿ ಋಣ ಚಿಹ್ನೆ ಹಾಕದೆ 15 ಎಂದಷ್ಟೇ ಹಾಕಿದ್ದ, ಆಗ 1/10ಕ್ಕೆ 1/15 ಕೂಡಿ 1/6 ಆಗುತ್ತದೆ. ಶಿಕ್ಷಕರು “ತಪ್ಪು, ಚಿಹ್ನೆ ಮರೆತಿದ್ದೀಯ, ಕುಳಿತುಕೋ” ಎಂದರು. ಹಿಂದಿನ ಸಾಲಿನ ಹುಡುಗಿ 30 ಎಂದಳು. “ಶಹಬ್ಬಾಸ್” ಎಂದು ಚಪ್ಪಾಳೆ ಹೊಡೆಸಿದರು. ನನ್ನ ಪಕ್ಕದಲ್ಲಿದ್ದ ಸಮಿತಿಯ ಸದಸ್ಯರು ತಲೆದೂಗಿ ಪೂರ್ತಿ ಅಂಕ ಬರೆದರು.

ನಾನು ಎದ್ದು ಹೋಗಿ ಆ ಹುಡುಗಿಯ ನೋಟ್‌ಬುಕ್ ನೋಡಿದೆ. ಅವಳು ಮಸೂರದ ಸೂತ್ರವನ್ನೇ ಬರೆದಿರಲಿಲ್ಲ. ಅದೇ ಅಧ್ಯಾಯದ ದರ್ಪಣದ ಸೂತ್ರ, ಅಂದರೆ ನಡುವೆ ಕೂಡುವ ಚಿಹ್ನೆ ಇರುವ `1/v + 1/u = 1/f`, ಅದನ್ನು ಬರೆದು, ಅದರಲ್ಲೂ u ಚಿಹ್ನೆ ಬಿಟ್ಟು 15 ಎಂದು ಹಾಕಿದ್ದಳು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರ ಬಂದಿತ್ತು. ಅದೇ ಹುಡುಗಿ ಮುಂದೆ ವರ್ಧನೆ ಕಂಡುಹಿಡಿಯಲು 30ನ್ನು 15ರಿಂದ ಭಾಗಿಸಿ ಧನ 2 ಎಂದು ಬರೆಯುತ್ತಾಳೆ, ಅಂದರೆ ಪ್ರತಿಬಿಂಬ ನೇರವಾಗಿದೆ ಎನ್ನುತ್ತಾಳೆ, ಅಂಕ ಹೋಗುತ್ತದೆ. ಆರು ಎಂದ ಹುಡುಗನಿಗೆ ಒಂದೇ ತಪ್ಪು, ಅದೂ ತಿದ್ದಲು ಸುಲಭವಾದದ್ದು. ಚಪ್ಪಾಳೆ ಸಿಕ್ಕವಳಿಗೆ ಎರಡು ತಪ್ಪು, ಎರಡೂ ಅಡಗಿವೆ.

ಎರಡನೆಯ ಅಭ್ಯರ್ಥಿ ಚಿತ್ತಾಪುರ ಕಡೆಯ ಹೆಣ್ಣುಮಗಳು, ಬಿ.ಎಡ್. ಮುಗಿಸಿ ಒಂದು ವರ್ಷವಾಗಿತ್ತು. ಮೊದಲ ಐದು ನಿಮಿಷ ಕೈ ನಡುಗುತ್ತಿತ್ತು, ಸೀಮೆಸುಣ್ಣ ಎರಡು ಸಲ ಮುರಿಯಿತು. ಹೊಸ ಹದಿನೈದು ಮಕ್ಕಳು, ಅದೇ ಲೆಕ್ಕ. ಇಲ್ಲಿಯೂ ಒಬ್ಬ 6 ಎಂದ. ಆಕೆ ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಹಾಗೆಯೇ ಬಿಟ್ಟರು. ಚೀಲದಿಂದ ಒಂದು ಭೂತಗನ್ನಡಿ ತೆಗೆದು, ಬೋರ್ಡಿನ ಪಕ್ಕದ ಗೋಡೆಗೆ ಬಿಳಿ ಹಾಳೆ ಹಚ್ಚಿ, ಎದುರಿನ ಕಿಟಕಿಯ ಹೊರಗಿನ ಬೇವಿನ ಮರವನ್ನು ಅದರ ಮೇಲೆ ಮೂಡಿಸಿದರು. ಹಸಿರು ಮರ, ತಲೆಕೆಳಗು, ಎಲೆಗಳು ಅಲುಗಾಡುತ್ತಿವೆ. ಮಕ್ಕಳೆಲ್ಲ ಬೆಂಚಿನಿಂದ ಎದ್ದರು. “ಗಾಜನ್ನು ಹಾಳೆಗೆ ಇನ್ನೂ ಹತ್ತಿರ ತರುತ್ತೇನೆ, ಏನಾಗುತ್ತದೆ ನೋಡಿ” ಎಂದರು. ಮರ ಮಸುಕಾಗಿ ಬೆಳಕಿನ ಮಚ್ಚೆಯಾಯಿತು. “ದೂರದ ಮರ ಸಂಗಮ ದೂರದಲ್ಲಿ ಮೂಡಿತು. ವಸ್ತು ಹತ್ತಿರ ಬಂದಷ್ಟೂ ಪ್ರತಿಬಿಂಬ ಮಸೂರದಿಂದ ದೂರ ಸರಿಯುತ್ತದೆ. ಹಾಗಾದರೆ ಹತ್ತು ಸೆಂ.ಮೀ. ಸಂಗಮ ದೂರದ ಮಸೂರ ಆರು ಸೆಂ.ಮೀ.ಯಲ್ಲಿ ಹಾಳೆಯ ಮೇಲೆ ಚಿತ್ರ ಮೂಡಿಸಬಲ್ಲದೇ?” ಹುಡುಗ ತಾನೇ ಇಲ್ಲ ಎಂದ, ತಾನೇ ಲೆಕ್ಕ ತಿರುಗಿಸಿ ನೋಡಿ ಚಿಹ್ನೆಯನ್ನು ಹುಡುಕಿದ. ಆಮೇಲೆ ಆಕೆ 30 ಎಂದವರನ್ನೂ ಬಿಡಲಿಲ್ಲ. “ಹೇಗೆ ಬಂತು, ಮೊದಲ ಸಾಲು ಓದು” ಎಂದರು.

ಇಪ್ಪತ್ತೈದು ನಿಮಿಷ ಮುಗಿದಾಗ ಅವರ ಪಾಠ ಅರ್ಧಕ್ಕೇ ನಿಂತಿತ್ತು. “ಪಾಠ ಮುಗಿಸಲಿಲ್ಲ” ಎಂದು ಸಮಿತಿಯಲ್ಲಿ ಇಬ್ಬರು ಅಂಕ ಕಡಿಮೆ ಮಾಡಿದರು. ಆಗ ನಾನು ಹೇಳಿದ ಒಂದೇ ಮಾತು, ಎರಡೂ ಗುಂಪಿನ ಮಕ್ಕಳಿಗೆ ಹೊಸ ಲೆಕ್ಕ ಕೊಡೋಣ ಎಂದು. ಸಂಗಮ ದೂರ 20, ವಸ್ತು 30. ಮಕ್ಕಳು ಐದು ನಿಮಿಷದಲ್ಲಿ ಹಾಳೆಯ ಮೇಲೆ ಬಿಡಿಸಿಕೊಟ್ಟರು. ಉತ್ತರ 60, ವರ್ಧನೆ ಋಣ 2. ಮೊದಲ ಗುಂಪಿನಲ್ಲಿ ಎರಡೂ ಸರಿ ಬರೆದವರು ಮೂವರು. ಎರಡನೆಯ ಗುಂಪಿನಲ್ಲಿ ಒಂಬತ್ತು ಮಂದಿ. ಚರ್ಚೆ ಅಲ್ಲಿಗೆ ಮುಗಿಯಿತು. ಆಕೆ ಇಂದಿಗೂ ಆ ಶಾಲೆಯಲ್ಲಿದ್ದಾರೆ.

ನೀವೂ ಇದನ್ನೇ ಮಾಡಿ, ಬೇರೆ ದೊಡ್ಡ ಅಂಕಪಟ್ಟಿ ಬೇಡ. ಡೆಮೊ ಮುಗಿದ ಕೂಡಲೇ ಶಿಕ್ಷಕರನ್ನು ಹೊರಗೆ ಕೂರಿಸಿ ಮಕ್ಕಳಿಗೆ ಹೊಸ ಲೆಕ್ಕ ಒಂದು. ಪ್ರತಿ ಅಭ್ಯರ್ಥಿಗೆ ಬೇರೆ ಗುಂಪು ಇರಲಿ, ಇಲ್ಲವಾದರೆ ನಾಲ್ಕನೆಯವರು ಬರುವ ಹೊತ್ತಿಗೆ ಮಕ್ಕಳಿಗೆ ಉತ್ತರ ಬಾಯಿಪಾಠವಾಗಿರುತ್ತದೆ. ಒಂದೇ ವಿಭಾಗವಿರುವ ನಿಮ್ಮ ಶಾಲೆಯಲ್ಲಿ ಅಷ್ಟು ಗುಂಪುಗಳು ಆಗದಿದ್ದರೆ ದಿನಕ್ಕೆ ಇಬ್ಬರನ್ನೇ ಕರೆಯಿರಿ, ಮರುದಿನ ಲೆಕ್ಕದ ಸಂಖ್ಯೆಗಳನ್ನಷ್ಟೇ ಅಲ್ಲದೆ ವಿಷಯವನ್ನೂ ಬದಲಿಸಿ. ವಿದ್ಯುಚ್ಛಕ್ತಿಯ ಅಧ್ಯಾಯದಲ್ಲಿ ಸಮಾಂತರ ಜೋಡಣೆಯ ರೋಧ ಕೊಡಬಹುದು. ಮಕ್ಕಳು 1/R ಕಂಡುಹಿಡಿದು ಅದನ್ನೇ ಉತ್ತರವೆಂದು ಬರೆದು ಕೂರುವುದು ಅಲ್ಲಿ ಖಚಿತ. ರಸಾಯನಶಾಸ್ತ್ರದವರಿಗೆ ಸಮೀಕರಣ ಸರಿದೂಗಿಸುವುದು ಕೊಡಿ. ಅಲ್ಲಿ ಮಕ್ಕಳು ಸೂತ್ರದ ಎಡಕ್ಕೆ ಗುಣಾಂಕ ಹಾಕುವ ಬದಲು ಸೂತ್ರದ ಒಳಗಿನ ಸಣ್ಣ ಅಂಕಿಯನ್ನೇ ತಿದ್ದಿ H₂Oವನ್ನು H₂O₂ ಮಾಡಿಬಿಡುತ್ತಾರೆ. ಆ ತಪ್ಪು ಬಂದಾಗ ಶಿಕ್ಷಕರು “ಈಗ ನೀರು ಹೋಗಿ ಬೇರೆಯೇ ವಸ್ತು ಬಂತಲ್ಲ” ಎಂದು ತೋರಿಸುತ್ತಾರೋ, ಬರೀ ಅಳಿಸಿ ಸರಿ ಬರೆಯುತ್ತಾರೋ ನೋಡಿ.

ಆಡಳಿತ ಮಂಡಳಿಯ ಹಿರಿಯರು ಡೆಮೊ ವೇಳೆ ಮುಂದಿನ ಬೆಂಚಿನಲ್ಲಿ ಕೂರುವುದು ಬೇಡ. ಹಿಂದೆ ಕುಳಿತು, ಸುಮ್ಮನಿದ್ದು, ಮಕ್ಕಳ ನೋಟ್‌ಬುಕ್ ಕಾಣುವ ಜಾಗದಲ್ಲಿರಲಿ. ನಡುವೆ ಪ್ರಶ್ನೆ ಕೇಳಿ ಅಭ್ಯರ್ಥಿಯನ್ನು ಪರೀಕ್ಷಿಸುವ ಚಪಲ ಹಲವರಿಗಿರುತ್ತದೆ. ಆ ಪ್ರಶ್ನೆಗಳನ್ನು ಆಮೇಲಿನ ಸಂದರ್ಶನಕ್ಕೆ ಇಟ್ಟುಕೊಳ್ಳಲಿ.

ಡೆಮೊ ಬಗ್ಗೆ ಅಭ್ಯರ್ಥಿಗಳಿಗೆ ಇರುವ ಭಯವನ್ನೂ ನೀವು ತಿಳಿದಿರಬೇಕು. ನಾನು ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಕಲಬುರಗಿಯ ಒಂದು ಟ್ಯೂಷನ್ ಕೇಂದ್ರ ನನ್ನನ್ನು ಡೆಮೊಗೆ ಕರೆಯಿತು. ಒಂದು ದಿನ ಪಾಠ ಮಾಡಿದೆ, ನಾಳೆಯೂ ಬನ್ನಿ ಎಂದರು. ಹೀಗೆ ನಾಲ್ಕು ದಿನ, ದಿನಕ್ಕೆ ಎರಡೆರಡು ತಾಸು, ಊರಿಂದ ಬಸ್ಸಿಗೆ ನನ್ನದೇ ಹಣ. ಐದನೆಯ ದಿನ ಹೋದಾಗ ಅಲ್ಲಿ ಇನ್ನೊಬ್ಬ ತರುಣ “ಡೆಮೊ” ಕೊಡುತ್ತಿದ್ದ, ನಾನು ಬಿಟ್ಟ ಜಾಗದಿಂದಲೇ ಪಾಠ ಮುಂದುವರಿಸಿದ್ದ. ಪರೀಕ್ಷೆಗೆ ಮುಂಚೆ ಅವರಿಗೆ ಪುಕ್ಕಟೆ ಪಾಠ ಬೇಕಿತ್ತು ಎಂದು ಆಗ ಅರ್ಥವಾಯಿತು. ಆ ಅವಮಾನ ಇಂದಿಗೂ ಮಾಸಿಲ್ಲ. ಅದಕ್ಕೇ “ಡೆಮೊ ಕ್ಲಾಸ್ ಇರುತ್ತದೆ” ಎಂಬ ಬರಿಯ ಸಾಲನ್ನು ಕಂಡರೆ ಅನುಭವಿಗಳು ಹಿಂಜರಿಯುತ್ತಾರೆ. ಎಷ್ಟು ಸಲ, ಎಷ್ಟು ನಿಮಿಷ, ಯಾವ ಪಾಠ, ಫಲಿತಾಂಶ ಯಾವ ದಿನ ಎಂದು ಬರೆಯಿರಿ. ಡೆಮೊಗೆ ಕರೆದವರಿಗೆ ಬಸ್ ಖರ್ಚು ಕೊಡಿ. ಕೆಲವೇ ಜನರನ್ನು ಕರೆಯುವಾಗ ಅದು ದೊಡ್ಡ ಮೊತ್ತವಲ್ಲ. ಆಗ ಅರ್ಜಿಗಳನ್ನು ಜರಡಿ ಹಿಡಿದೇ ಕರೆಯುವ ಶಿಸ್ತು ನಿಮಗೂ ಬರುತ್ತದೆ.

“ಮೂಲ ದಾಖಲೆಗಳೊಂದಿಗೆ ಬನ್ನಿ” ಎಂಬುದನ್ನು “ಪ್ರತಿಗಳನ್ನು ತನ್ನಿ, ಮೂಲ ದಾಖಲೆಗಳನ್ನು ನೋಡಿ ತಕ್ಷಣ ಹಿಂದಿರುಗಿಸುತ್ತೇವೆ” ಎಂದು ಬದಲಿಸಿ. ವರ್ಷದ ನಡುವೆ ಬಿಟ್ಟುಹೋಗದಿರಲಿ ಎಂದು ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಶಾಲೆಗಳನ್ನು ನೋಡಿದ್ದೇನೆ. ಅದು ಅನ್ಯಾಯ, ಮತ್ತು ಪ್ರಯೋಜನವೂ ಇಲ್ಲ. ಸರ್ಕಾರಿ ನೇಮಕಾತಿಯ ಅಧಿಸೂಚನೆ ಬಂದ ದಿನ ಅವರು ಪೊಲೀಸರನ್ನು ಕರೆತಂದಾದರೂ ದಾಖಲೆ ಒಯ್ಯುತ್ತಾರೆ. ಕಲ್ಯಾಣ ಕರ್ನಾಟಕದಲ್ಲಿ 371(ಜೆ) ಮೀಸಲಾತಿಯಿಂದ ಸ್ಥಳೀಯರಿಗೆ ಸರ್ಕಾರಿ ಹುದ್ದೆಯ ಆಸೆ ಸಹಜವಾಗಿಯೇ ಇದೆ, ಅದಕ್ಕೆ ಅಡ್ಡ ನಿಲ್ಲಬೇಡಿ. ಬಿಡುವುದಾದರೆ ಒಂದು ತಿಂಗಳ ಮುನ್ಸೂಚನೆ, ತೆಗೆಯುವುದಾದರೆ ಶಾಲೆಯಿಂದಲೂ ಒಂದು ತಿಂಗಳ ಮುನ್ಸೂಚನೆ. ಈ ಷರತ್ತನ್ನು ನೇಮಕಾತಿ ಪತ್ರದಲ್ಲಿ ಎರಡೂ ಕಡೆಗೆ ಬರೆಯಿರಿ.

“ಆಕರ್ಷಕ ವೇತನ” ಎಂದರೆ ನಮ್ಮ ಕಡೆ ಎಲ್ಲರೂ “ಹೇಳಲು ನಾಚುವಷ್ಟು ಕಡಿಮೆ” ಎಂದೇ ಓದುತ್ತಾರೆ. ಅಂಕಿ ಬರೆಯಿರಿ. ಅದಕ್ಕಿಂತ ಮುಖ್ಯವಾಗಿ ಹತ್ತು ತಿಂಗಳ ಸಂಬಳವೋ ಹನ್ನೆರಡು ತಿಂಗಳದ್ದೋ ಬರೆಯಿರಿ. ಏಪ್ರಿಲ್–ಮೇ ಸಂಬಳ ಇಲ್ಲವೆಂದು ಮಾರ್ಚ್‌ನಲ್ಲಿ ಗೊತ್ತಾದ ಶಿಕ್ಷಕರು ಜೂನ್‌ಗೆ ಹಿಂದಿರುಗುವುದಿಲ್ಲ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿಯ ನಿಯಮ ಅನ್ವಯಿಸುತ್ತದೆ, ನಿಮ್ಮಲ್ಲಿ ಅಷ್ಟು ಜನರಿದ್ದರೆ ಅದನ್ನೂ ನಮೂದಿಸಿ.

ಇಷ್ಟನ್ನೂ ಸೇರಿಸಿದರೆ ಪ್ರಕಟಣೆ ಹೀಗೆ ನಿಲ್ಲುತ್ತದೆ. ಖಾಲಿ ಜಾಗಗಳನ್ನು ನೀವು ತುಂಬಿಕೊಳ್ಳಿ.

“ಗಣಿತ ಮತ್ತು ಭೌತಶಾಸ್ತ್ರ ಶಿಕ್ಷಕರು: ಒಂದು ಹುದ್ದೆ. 8, 9, 10ನೆಯ ತರಗತಿ, ಆಂಗ್ಲ ಮಾಧ್ಯಮ, ರಾಜ್ಯ ಪಠ್ಯಕ್ರಮ. ವಾರಕ್ಕೆ 24 ಅವಧಿ. ಪದವಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡನ್ನೂ ಓದಿರಬೇಕು; ಬಿ.ಎಡ್.; ಟಿಇಟಿ ಎರಡನೆಯ ಪತ್ರಿಕೆ, ಗಣಿತ–ವಿಜ್ಞಾನ. ಬೋರ್ಡಿನ ಮೇಲೆ ಇಂಗ್ಲಿಷ್‌ನಲ್ಲಿ ಸರಿಯಾಗಿ ಬರೆದು ಕನ್ನಡದಲ್ಲಿ ವಿವರಿಸಬಲ್ಲವರಾಗಿರಬೇಕು; ಉರ್ದು ಅಥವಾ ತೆಲುಗು ತಿಳಿದಿದ್ದರೆ ಅನುಕೂಲ. ಹೊಸಬರೂ ಅರ್ಜಿ ಹಾಕಬಹುದು. ವೇತನ ತಿಂಗಳಿಗೆ ₹ ____, ಹನ್ನೆರಡು ತಿಂಗಳು. ಅರ್ಜಿಯೊಂದಿಗೆ ಪದವಿ ಮತ್ತು ಬಿ.ಎಡ್. ಅಂಕಪಟ್ಟಿಗಳ ಪ್ರತಿ ಕಳುಹಿಸಿ, ಕೊನೆಯ ದಿನ ____. ಆಯ್ದವರಿಗೆ ಮಾತ್ರ ಡೆಮೊ: ಒಂದೇ ಸಲ, 25 ನಿಮಿಷ, ಮಕ್ಕಳ ಮುಂದೆ, ಪಾಠದ ವಿಷಯವನ್ನು ಎರಡು ದಿನ ಮುಂಚೆ ತಿಳಿಸುತ್ತೇವೆ, ಬಸ್ ಖರ್ಚು ಕೊಡುತ್ತೇವೆ. ಫಲಿತಾಂಶವನ್ನು ಒಂದು ವಾರದೊಳಗೆ ಎಲ್ಲರಿಗೂ ತಿಳಿಸುತ್ತೇವೆ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವುದಿಲ್ಲ.”

ರಸಾಯನ ಮತ್ತು ಜೀವಶಾಸ್ತ್ರದ ಹುದ್ದೆಗೆ ಬೇರೆಯದೇ ಪ್ರಕಟಣೆ ಮಾಡಿ, ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಬೇಡಿ. ಮೊಬೈಲ್‌ನಲ್ಲಿ ಓದುವವರು ಮೊದಲ ಮೂರು ಸಾಲು ನೋಡಿ ಮುಂದೆ ಹೋಗುತ್ತಾರೆ, ಆ ಮೂರು ಸಾಲಿನಲ್ಲಿ ವಿಷಯ, ತರಗತಿ, ಊರು ಇರಬೇಕು. ಅರ್ಜಿಗಳು ಕಳೆದ ಬಾರಿಗಿಂತ ಕಡಿಮೆ ಬರುತ್ತವೆ, ಬಹುಶಃ ಹತ್ತು ಹನ್ನೆರಡು. ಅದರಿಂದ ಗಾಬರಿಯಾಗಬೇಡಿ, ಮಿಕ್ಕವರು ಓದಿ ತಮಗಲ್ಲ ಎಂದು ತಾವೇ ಬಿಟ್ಟಿರುತ್ತಾರೆ. ಏಪ್ರಿಲ್‌ನಲ್ಲಿ ಡೆಮೊ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದವರಿಗೂ ಫೋನ್ ಮಾಡಿ, ಮಕ್ಕಳು ಬರೆದ ಹಾಳೆಯಲ್ಲಿ ಏನು ಕಂಡಿತು ಎಂದು ಹೇಳಿ. ಆಯ್ಕೆಯಾದವರು ಜೂನ್‌ನಲ್ಲಿ ಬಾರದಿದ್ದರೆ ನೀವು ಮೊದಲು ಕರೆಯುವುದು ಅವರನ್ನೇ.